ಹಿಂದಿನ ಬೆಂಚಿನ ನೂರಾ ಹನ್ನೆರಡು

ಸೊಸೆಗೆ ಆ ಕೆಲಸ ತಪ್ಪಿದ್ದು ಲೆಕ್ಕ ಬಾರದೆ ಅಲ್ಲ. ತಪ್ಪು ಹೇಳಿದವರಿಗೆ ತಪ್ಪು ಎನ್ನಲು ಬಾಯಿ ಬಾರದೆ. ಮಗ ಹಣೆಬರಹ ಎಂದ, ಮೊಮ್ಮಗಳು ಅನ್‌ಫೇರ್ ಎಂದಳು, ಊರಿಂದ ಫೋನ್ ಮಾಡಿದ ಸೊಸೆಯ ತಾಯಿ ಯಾರದ್ದೋ ಕಣ್ಣು ಬಿದ್ದಿದೆ ಎಂದರು. ಕಣ್ಣೂ ಇಲ್ಲ, ಹಣೆಯೂ ಇಲ್ಲ. ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅಷ್ಟೇ ಆದದ್ದು.

ಆಗ ನಾವು ಅಬುಧಾಬಿಯ ಮುಸಫ್ಫಾದಲ್ಲಿದ್ದೆವು. ಮಗ ಅಲ್ಲಿಯೇ ಒಂದು ಫ್ಯಾಬ್ರಿಕೇಶನ್ ಕಂಪನಿಯ ಆಫೀಸಿನಲ್ಲಿದ್ದ. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಬಂದು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಅವನು ಹೋದ ಮೇಲೆ ಮೊಮ್ಮಗಳ ಶಾಲೆಯ ಬಸ್ಸು. ಅದೂ ಹೋದ ಮೇಲೆ ಮನೆಯಲ್ಲಿ ನಾನು, ಸೊಸೆ, ಎ.ಸಿ.ಯ ಗುಂಯ್ ಶಬ್ದ. ಊರಲ್ಲಿದ್ದಾಗ ಸೊಸೆ ಉಡುಪಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಬುಧಾಬಿಗೆ ಬಂದ ಮೇಲೆ ಮಗು, ಅಡುಗೆ, ನನ್ನ ಮಂಡಿನೋವು. ವರ್ಷಗಳು ಹೋದದ್ದೇ ಗೊತ್ತಾಗಲಿಲ್ಲ ಎನ್ನುತ್ತಾಳೆ. ನನಗೆ ಗೊತ್ತಾಗುತ್ತಿತ್ತು. ಅನ್ನಕ್ಕಿಟ್ಟು ಕುಕ್ಕರಿನ ಸೀಟಿ ಕಾಯುವಾಗ ಅವಳ ಬೆರಳು ಕಟ್ಟೆಯ ಮೇಲೆ ಏನೋ ಬರೆಯುತ್ತಲೇ ಇರುತ್ತಿತ್ತು. ಒರೆಸುವ ಬಟ್ಟೆ ಕೈಯಲ್ಲಿದ್ದರೂ ಬರೆಯುತ್ತಿತ್ತು.

ಮೊಮ್ಮಗಳು ದೊಡ್ಡವಳಾದ ಮೇಲೆ ಸೊಸೆ ಶಾಲೆಗಳಿಗೆ ಅರ್ಜಿ ಹಾಕತೊಡಗಿದಳು. ಎಲ್ಲರದ್ದೂ ಒಂದೇ ಪ್ರಶ್ನೆ: ಕಲಿಸುವುದು ಬಿಟ್ಟು ಎಷ್ಟು ವರ್ಷವಾಯಿತು? ಅವಳು ಹೇಳುತ್ತಿದ್ದಳು, ಅವರು ಥ್ಯಾಂಕ್ಯೂ ಎನ್ನುತ್ತಿದ್ದರು. ಆ ಥ್ಯಾಂಕ್ಯೂವಿನ ಅರ್ಥ ನನಗೂ ತಿಳಿಯತೊಡಗಿತ್ತು. ಈ ವರ್ಷ ಆಗದಿದ್ದರೆ ಇನ್ನು ಕೇಳುವುದೇ ಇಲ್ಲ ಎಂದು ಒಂದು ದಿನ ಮೀನು ತೊಳೆಯುತ್ತಾ ಹೇಳಿದಳು. ಬೆದರಿಕೆಯಲ್ಲ ಅದು. ಅವಳಿಗೆ ಬೆದರಿಸಲು ಬರುವುದಿಲ್ಲ.

ಅಂಥದ್ದರಲ್ಲಿ ಒಂದು ಶುಕ್ರವಾರ ಮೀನಾ ಬಂದರಿನ ಮೀನು ಮಾರ್ಕೆಟ್ಟಿನಲ್ಲಿ ಅವಳಿಗೆ ಪಿಯುಸಿಯಲ್ಲಿ ಲೆಕ್ಕ ಕಲಿಸಿದ ಸರ್ ಸಿಕ್ಕಿದರು. ನಾನು ಬಂಗುಡೆಯ ಕಿವಿರು ಎತ್ತಿ ನೋಡುತ್ತಾ ಮಲಬಾರಿಯ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ಹಿಂದೆ ತಿರುಗಿದರೆ ಸೊಸೆ ಮೀನಿನ ಚೀಲ ಕೆಳಗಿಟ್ಟು, ಆ ಒದ್ದೆ ನೆಲದಲ್ಲಿ, ಒಬ್ಬ ಬಿಳಿ ತಲೆಯ ಮನುಷ್ಯನ ಕಾಲು ಮುಟ್ಟುತ್ತಿದ್ದಾಳೆ.

"ಏಳು ಮಾರಾಯ್ತಿ, ಎಂತ ಇದು, ಕೈಯೆಲ್ಲ ಮೀನು!" ಎಂದು ಅವರು ಹಿಂದೆ ಸರಿದರು.

ಊರಲ್ಲಿ ನಿವೃತ್ತಿಯಾದ ಮೇಲೆ ಅವರು ಅಬುಧಾಬಿಗೆ ಬಂದು, ಮುಸಫ್ಫಾದ ಒಂದು ಇಂಡಿಯನ್ ಶಾಲೆಯಲ್ಲಿ ಗಣಿತ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಹನ್ನೊಂದನೇ ತರಗತಿಗೆ ಟೀಚರ್ ಬೇಕಾಗಿದೆ ಎಂದರು. ಪ್ರಿನ್ಸಿಪಾಲರಿಗೆ ಹೇಳುತ್ತೇನೆ, ಬಂದು ಡೆಮೋ ಕೊಡು ಎಂದರು. ಡೆಮೋ ಎಂದರೆ ಪರೀಕ್ಷೆಗಾಗಿ ಒಂದು ಪಾಠ ಮಾಡಿ ತೋರಿಸುವುದು. ಮಕ್ಕಳ ಹಿಂದೆ ದೊಡ್ಡವರೂ ಕುಳಿತು ನೋಡುತ್ತಾರೆ. ಸೊಸೆಗೆ ಕೊಟ್ಟ ಪಾಠ ಪರ್ಮ್ಯುಟೇಶನ್, ಕಾಂಬಿನೇಶನ್. ಊರಿನ ಪುಸ್ತಕದಲ್ಲಿ ಅದಕ್ಕೆ ಕ್ರಮಯೋಜನೆ, ವಿಕಲ್ಪ ಎಂದು ಹೆಸರಂತೆ. ನನಗೆ ಎರಡೂ ಒಂದೇ, ಎರಡೂ ನಾಲಿಗೆಗೆ ಹೊರಳುವುದಿಲ್ಲ. ನಾನು ಕೂರಿಸುವ ಲೆಕ್ಕ, ಕಮಿಟಿ ಲೆಕ್ಕ ಎಂದೇ ಕರೆದೆ.

ಅವಳಿಗೆ ಅಭ್ಯಾಸ ಮಾಡಲು ಒಬ್ಬ ವಿದ್ಯಾರ್ಥಿ ಬೇಕಿತ್ತು. ಮಗಳನ್ನು ಕರೆದರೆ, "ಮಮ್ಮಿ, ಐ ಆಲ್ರೆಡಿ ಗೆಟ್ ಇಟ್" ಎಂದು ಮೊಬೈಲಿಗೆ ತಲೆ ಹಾಕುತ್ತಿದ್ದಳು. ನಾನೋ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು.

"ನೀವೇ ಸರಿ ಅತ್ತೆ. ನಿಮಗೆ ಅರ್ಥ ಆದ್ರೆ ಯಾರಿಗೂ ಆಗ್ತದೆ," ಎಂದಳು ಸೊಸೆ.

"ಹೊಗಳ್ತೀಯೋ ಬೈತೀಯೋ?" ಎಂದು ಕೇಳಿದೆ.

ಊಟದ ಮೇಜಿನ ಮೂರು ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಇಟ್ಟಳು. ಮೊಮ್ಮಗಳನ್ನೂ ಎಳೆದು ತಂದಳು. ಮೊದಲ ಕುರ್ಚಿಗೆ ನಮ್ಮ ಮೂವರಲ್ಲಿ ಯಾರೂ ಕೂರಬಹುದು, ಮೂರು ದಾರಿ. ಒಬ್ಬರು ಕೂತ ಮೇಲೆ ಎರಡನೆಯದಕ್ಕೆ ಉಳಿದವರು ಇಬ್ಬರು. ಕೊನೆಯದಕ್ಕೆ ಆರಿಸುವ ಮಾತೇ ಇಲ್ಲ, ಉಳಿದವರು ಹೋಗಿ ಕೂರುವುದು. ಮೂರು ಎರಡಲಿ ಆರು, ಆರೊಂದಲಿ ಆರು. ನಾನು ನಂಬಲಿಲ್ಲ. ಹಾಗಾದರೆ ಕೂತು ತೋರಿಸುವ ಎಂದಳು. ನಾನು ಮೊದಲು ಕೂತರೆ ಆಚೆ ತಾಯಿ ಮಗಳು, ಅಥವಾ ಮಗಳು ತಾಯಿ. ಸೊಸೆ ಮೊದಲು ಕೂತರೆ ಎರಡು, ಮೊಮ್ಮಗಳು ಮೊದಲು ಕೂತರೆ ಎರಡು. ಮಂಡಿ ಹಿಡಿದುಕೊಂಡು ಎದ್ದು ಕೂತು ಎದ್ದು ಕೂತು ಆರನ್ನೂ ಮುಗಿಸಿದೆವು. ಏಳನೆಯದು ಸಿಗಲಿಲ್ಲ.

"ಖಲಾಸ್?" ಎಂದಳು ಮೊಮ್ಮಗಳು. ಅವಳನ್ನು ಬಿಟ್ಟೆವು.

ಐದು ಜನ ಐದು ಕುರ್ಚಿಯಾದರೆ ಐದು ನಾಲ್ಕಲಿ ಇಪ್ಪತ್ತು, ಮೂರಲಿ ಅರವತ್ತು, ಎರಡಲಿ ನೂರಿಪ್ಪತ್ತು. ಅಷ್ಟು ಸಾರಿ ಏಳಲು ಕೂರಲು ನಾನು ತಯಾರಿರಲಿಲ್ಲ, ಆದ್ದರಿಂದ ನಂಬಿದೆ. ಆದರೆ ಮದುವೆ ಮನೆಗಳಲ್ಲಿ ಸಾಲು ಕೂರಿಸಿದ ಅನುಭವ ನನಗೆ ಇದೆ. ಬಾಯಿಗೆ ಬಂದದ್ದನ್ನು ಕೇಳಿದೆ:

"ಆ ಐವರಲ್ಲಿ ಇಬ್ಬರಿಗೆ ಮಾತುಕತೆ ಇಲ್ಲ ಅಂತಾದ್ರೆ? ಬಾವಿ ನೀರಿಗೆ ಜಗಳ ಆಗಿದೆ. ಹತ್ತಿರ ಹತ್ತಿರ ಕೂರಿಸಿದ್ರೆ ಎಲೆ ಬಿಟ್ಟು ಏಳ್ತಾರೆ."

ಸೊಸೆ ನಕ್ಕಳು. ಅವಳು ಹಲ್ಲು ಕಾಣುವ ಹಾಗೆ ನಗುವುದು ಕಡಿಮೆ. "ಪುಸ್ತಕದಲ್ಲಿ ಇರೋದು ಇದೇ ಅತ್ತೆ. ಜಗಳ ಅಂತ ಬರೆಯುವುದಿಲ್ಲ, ಅಷ್ಟೇ."

ಮೊದಲು ತಿರುಗಿಸಿ ಯೋಚಿಸಬೇಕಂತೆ. ಜಗಳದ ಇಬ್ಬರನ್ನು ಸೀರೆ ಸೆರಗು ಗಂಟು ಹಾಕಿ ಒಬ್ಬಳೇ ಎಂದು ಮಾಡುವುದು. ಆಗ ಕೂರುವವರು ನಾಲ್ವರಾದರು. ನಾಲ್ಕು ಮೂರಲಿ ಹನ್ನೆರಡು, ಎರಡಲಿ ಇಪ್ಪತ್ತನಾಲ್ಕು. ಗಂಟಿನೊಳಗೆ ಈಚೆಯವಳು ಆಚೆ ಹೋಗಬಹುದು, ಅದಕ್ಕೆ ಎರಡು ಪಾಲು: ನಲವತ್ತೆಂಟು. ಅವರು ಒಟ್ಟಿಗೆ ಸಿಕ್ಕಿಬೀಳುವ ಸಾಲುಗಳು ಅವು. ನೂರಿಪ್ಪತ್ತರಿಂದ ಅವನ್ನು ತೆಗೆದರೆ ಎಪ್ಪತ್ತೆರಡು. ಊಟ ಸಸೂತ್ರ ಮುಗಿಯುವ ಸಾಲುಗಳು ಅಷ್ಟು.

"ಇಷ್ಟೆಲ್ಲ ಇದ್ದೂ ನಮ್ಮವರಿಗೆ ಒಂದು ಸಿಕ್ಕುವುದಿಲ್ಲ," ಎಂದೆ.

ಕೂರಿಸುವ ಲೆಕ್ಕ ನನಗೆ ಹಿಡಿಯಿತು. ಕಮಿಟಿ ಲೆಕ್ಕದಲ್ಲಿ ಎಡವಿದೆ. ಐವರಲ್ಲಿ ಮೂವರನ್ನು ಆರಿಸಿ ಅಡುಗೆ ಕಮಿಟಿ ಮಾಡಬೇಕು, ಎಷ್ಟು ವಿಧ ಎಂದು ಕೇಳಿದಳು. ಇದೇನು ಮಹಾ ಎಂದು ನಾನು ಹಳೆಯ ದಾರಿಯಲ್ಲೇ ಹೋದೆ. ಮೊದಲನೆಯವಳು ಐದು, ಆಮೇಲೆ ನಾಲ್ಕು, ಆಮೇಲೆ ಮೂರು: ಅರವತ್ತು.

"ತಪ್ಪು ಅತ್ತೆ."

ಸ್ವಲ್ಪ ಚುಚ್ಚಿತು. ಮದುವೆಯಾಗಿ ಬಂದಂದಿನಿಂದ ಅವಳ ಬಾಯಲ್ಲಿ ನನಗೆ ಆ ಶಬ್ದ ಬಂದದ್ದಿಲ್ಲ. ಆದರೆ ಅವಳು ಸಿಟ್ಟೂ ಇಲ್ಲದೆ, ಹೆದರಿಕೆಯೂ ಇಲ್ಲದೆ ಹೇಳಿದ್ದಳು, ಸಾರಿಗೆ ಉಪ್ಪು ಸಾಲದು ಎಂದ ಹಾಗೆ. ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಈಗ ನಾನು ಕರೀತೇನೆ. ಅತ್ತೆ, ನಾನು, ಮಗಳು. ಈ ಕ್ರಮದಲ್ಲಿ ಒಳಗೆ ಹೋದೆವು. ಒಳಗೆ ಯಾರು ಯಾರು ಇದ್ದಾರೆ?"

"ನಾವು ಮೂವರು."

"ಈಗ ಮಗಳು ಮೊದಲು, ಆಮೇಲೆ ನೀವು, ಕೊನೆಗೆ ನಾನು. ಒಳಗೆ ಯಾರು?"

"ನಾವು ಮೂವರೇ. ಇನ್ಯಾರು ಬರ್ತಾರೆ?"

"ಅಷ್ಟೇ. ಕುರ್ಚಿಯಲ್ಲಿ ಯಾರು ಎಲ್ಲಿ ಅಂತ ಮುಖ್ಯ, ಅದು ಬದಲಾದ್ರೆ ಸಾಲೇ ಬೇರೆ. ಇಲ್ಲಿ ಒಳಗೆ ಯಾರಿದ್ದಾರೆ ಅಂತ ಮಾತ್ರ. ಇದೇ ಮೂವರನ್ನು ಆರು ಥರ ಕರೀಬಹುದು ಅಂತ ಈಗ ಎದ್ದು ಕೂತು ನೋಡಿದೆವಲ್ಲ? ನೀವು ಒಂದೊಂದು ಕಮಿಟಿಯನ್ನು ಆರಾರು ಸಾರಿ ಎಣಿಸಿದ್ದೀರಿ. ಅರವತ್ತನ್ನು ಆರರಿಂದ ಭಾಗಿಸಿ."

ಹತ್ತು. ಐವರಲ್ಲಿ ಮೂವರ ಕಮಿಟಿ ಹತ್ತೇ ವಿಧ.

ನನಗೆ ಬಿಡಲು ಮನಸ್ಸಾಗಲಿಲ್ಲ. ನಮ್ಮೂರಿನವರ ಸಂಘದ ಕಾರ್ಯಕ್ರಮಗಳಿಗೆ ಹೋಗಿ ಬಂದವಳು ನಾನು. "ಯಾವ ಕಮಿಟಿಯಲ್ಲಿ ಹೆಸರಿನ ಕ್ರಮ ಮುಖ್ಯ ಅಲ್ಲ? ಕಾಗದದಲ್ಲಿ ಹೆಸರು ಕೆಳಗೆ ಬಂತು ಅಂತ ಊಟ ಬಿಟ್ಟು ಹೋದವರನ್ನು ನೋಡಿದ್ದೇನೆ."

"ಹಾಗೆ ಮಾಡಿದ್ರೆ ಅದು ಕಾಂಬಿನೇಶನ್ ಅಲ್ಲ. ಮೂವರಲ್ಲಿ ಒಬ್ರು ಅಧ್ಯಕ್ಷೆ, ಒಬ್ರು ಕಾರ್ಯದರ್ಶಿ, ಒಬ್ರು ಖಜಾಂಚಿ ಅಂತ ಹುದ್ದೆ ಕೊಟ್ರೆ ಅದು ಕುರ್ಚಿಯ ಲೆಕ್ಕವೇ. ಆಗ ನಿಮ್ಮ ಅರವತ್ತು ಸರಿ. ಬರೀ ತರಕಾರಿ ಹೆಚ್ಚುವ ಮೂವರಾದ್ರೆ ಹತ್ತು."

ಹುದ್ದೆ ಇದ್ದರೆ ಅರವತ್ತು, ಕೆಲಸ ಮಾತ್ರ ಇದ್ದರೆ ಹತ್ತು. ಇದು ನನಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಸಂಜೆ ಮಗ ಬಂದಾಗ ಅವನಿಗೂ ಹೇಳಿದೆ. ಅವನು ಬೂಟು ಬಿಚ್ಚುತ್ತಾ, "ನಮ್ಮ ಆಫೀಸಲ್ಲಿ ಅರವತ್ತೇ ಅಮ್ಮ, ಹತ್ತು ಎಲ್ಲಿದೆ," ಎಂದ.

ಕೊನೆಯ ಲೆಕ್ಕಕ್ಕೆ ಸೊಸೆ ಲೋಟಗಳನ್ನು ತಂದಳು. ನಾಲ್ಕು ಸ್ಟೀಲಿನವು, ಊರಿಂದ ತಂದದ್ದು. ಅಬುಧಾಬಿಯಲ್ಲೇ ಕೊಂಡ ಐದು ಗಾಜಿನವು. ಸ್ಟೀಲು ಹೆಂಗಸರು, ಗಾಜು ಗಂಡಸರು. ಈ ಒಂಬತ್ತರಲ್ಲಿ ಮೂರರ ಕಮಿಟಿ, ಒಬ್ಬಳಾದರೂ ಹೆಂಗಸು ಇರಲೇಬೇಕು. ಎಷ್ಟು ವಿಧ?

ನಾನು ಈ ಸಲ ಜಾಣತನದಿಂದ ಹೋದೆ. ಸಂಘದಲ್ಲಿ ಹೇಗೆ ಮಾಡುತ್ತಾರೋ ಹಾಗೆ. ಮೊದಲು ಒಬ್ಬ ಹೆಂಗಸಿನ ಹೆಸರು ಹಾಕಿಬಿಡುತ್ತಾರೆ, ಆಮೇಲೆ ಉಳಿದದ್ದನ್ನು ಯಾರಾದರೂ ತುಂಬಿಸುತ್ತಾರೆ. ನಾಲ್ಕು ಸ್ಟೀಲಿನಲ್ಲಿ ಒಂದು, ನಾಲ್ಕು ವಿಧ. ಉಳಿದ ಎಂಟರಲ್ಲಿ ಎರಡು: ಎಂಟು ಏಳಲಿ ಐವತ್ತಾರು, ಇಬ್ಬರನ್ನು ಎರಡು ಥರ ಕರೆಯಬಹುದಾದ್ದರಿಂದ ಅರ್ಧ, ಇಪ್ಪತ್ತೆಂಟು. ಅರ್ಧ ಮಾಡುವುದನ್ನು ನಾನು ಮರೆಯಲಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ನಾಲ್ಕು ಇಪ್ಪತ್ತೆಂಟಲಿ ನೂರಾ ಹನ್ನೆರಡು.

"ತಪ್ಪು ಅತ್ತೆ. ಆದ್ರೆ ಒಳ್ಳೆ ತಪ್ಪು. ಎಲ್ಲರೂ ಮಾಡುವ ತಪ್ಪು."

ಸ್ಟೀಲಿನ ಒಂದು ಲೋಟಕ್ಕೆ ಅಂಚಿನಲ್ಲಿ ಜಜ್ಜಿದ ಗುರುತಿತ್ತು. ಇನ್ನೊಂದರ ಮೇಲೆ ಹೂವಿನ ಬಳ್ಳಿ ಕೆತ್ತಿತ್ತು. ಅವಳು ಜಜ್ಜಿದ್ದನ್ನು ಮೊದಲು ತಟ್ಟೆಗಿಟ್ಟಳು, ಇದು ಹಾಕಲೇಬೇಕಾದ ಹೆಂಗಸು ಎಂದಳು. ಆಮೇಲೆ ತುಂಬಿಸಲು ಬಳ್ಳಿಯದ್ದನ್ನೂ ಒಂದು ಗಾಜಿನದನ್ನೂ ಇಟ್ಟಳು. ನೋಡಿಕೊಳ್ಳಿ ಎಂದಳು. ಎಲ್ಲ ತೆಗೆದು, ಈಗ ಬಳ್ಳಿಯದ್ದನ್ನು ಮೊದಲು ಇಟ್ಟಳು. ತುಂಬಿಸಲು ಜಜ್ಜಿದ್ದು ಮತ್ತು ಅದೇ ಗಾಜು. ತಟ್ಟೆಯಲ್ಲಿ ಅದೇ ಮೂರು ಲೋಟ. ನನ್ನ ಲೆಕ್ಕದಲ್ಲಿ ಅವು ಎರಡು ಕಮಿಟಿ.

"ಯಾರು ಮೊದಲು ಅಂತ ನೀವು ಹಿಂಬಾಗಿಲಿಂದ ಕ್ರಮವನ್ನು ಒಳಗೆ ಬಿಟ್ರಿ," ಎಂದಳು.

ಸರಿಯಾದ ದಾರಿ ಇದು. ಒಂಬತ್ತರಲ್ಲಿ ಮೂರು, ಏನೂ ಕಟ್ಟುಪಾಡಿಲ್ಲದೆ: ಒಂಬತ್ತು ಎಂಟಲಿ ಎಪ್ಪತ್ತೆರಡು, ಏಳಲಿ ಐನೂರ ನಾಲ್ಕು, ಆರರಿಂದ ಭಾಗಿಸಿದರೆ ಎಂಬತ್ತನಾಲ್ಕು. ಅದರಲ್ಲಿ ಹೆಂಗಸೇ ಇಲ್ಲದವು, ಬರೀ ಐದು ಗಾಜಿನಲ್ಲಿ ಮೂರು, ಹತ್ತು. ಕಳೆದರೆ ಎಪ್ಪತ್ತನಾಲ್ಕು. ನನ್ನ ಮುಖ ನೋಡಿ ಇನ್ನೊಂದು ದಾರಿಯಿಂದಲೂ ತೋರಿಸಿದಳು. ಒಂದೇ ಸ್ಟೀಲು, ಎರಡು ಗಾಜು: ನಾಲ್ಕು ಹತ್ತಲಿ ನಲವತ್ತು. ಎರಡು ಸ್ಟೀಲು, ಒಂದು ಗಾಜು: ಆರು ಐದಲಿ ಮೂವತ್ತು. ಮೂರೂ ಸ್ಟೀಲು: ನಾಲ್ಕು. ಕೂಡಿದರೆ ಎಪ್ಪತ್ತನಾಲ್ಕು. ಆಮೇಲೆ ನನ್ನ ನೂರಾ ಹನ್ನೆರಡು ಎಲ್ಲಿಂದ ಬಂತೆಂಬುದನ್ನೂ ಬಿಡಿಸಿಟ್ಟಳು. ಒಂದು ಸ್ಟೀಲಿನ ನಲವತ್ತನ್ನು ನಾನು ಒಮ್ಮೆಯೇ ಎಣಿಸಿದ್ದೆ, ಅದು ಸರಿ. ಎರಡು ಸ್ಟೀಲಿನ ಮೂವತ್ತನ್ನು ಎರಡೆರಡು ಸಾರಿ, ಅರವತ್ತು. ಮೂರು ಸ್ಟೀಲಿನ ನಾಲ್ಕನ್ನು ಮೂರು ಮೂರು ಸಾರಿ, ಹನ್ನೆರಡು. ನಲವತ್ತು, ಅರವತ್ತು, ಹನ್ನೆರಡು. ತಪ್ಪಿಗೂ ಲೆಕ್ಕವುಂಟು ಎಂದು ನನಗೆ ಗೊತ್ತಿರಲಿಲ್ಲ.

ಆಗ ಅವಳ ಮುಖ ನೋಡಬೇಕಿತ್ತು. ಇಂಥ ಒಬ್ಬಳು ನಮ್ಮ ಮನೆಯಲ್ಲಿ ಇಷ್ಟು ವರ್ಷ ಈರುಳ್ಳಿ ಹೆಚ್ಚಿಕೊಂಡಿದ್ದಳು ಎಂದು ಅನಿಸಿತು. ಲೋಟ ತೊಳೆದಿಟ್ಟೆ.

ಡೆಮೋದ ದಿನ ಅವಳು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೋದಳು. ಮಧ್ಯಾಹ್ನ ಬಂದಳು. ಸೀರೆ ಬದಲಿಸದೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಅಕ್ಕಿ ಬೆಳಿಗ್ಗೆಯೇ ತೊಳೆದಿಟ್ಟಿತ್ತು.

"ಎಂತಾಯ್ತು?"

"ಆಯ್ತು ಅತ್ತೆ."

"ಆಯ್ತು ಅಂದ್ರೆ ಆಯ್ತೋ, ಹೋಯ್ತೋ?"

ಆಗ ಹೇಳಿದಳು, ನನ್ನ ಕಡೆ ಬೆನ್ನು ಹಾಕಿಯೇ. ಕೂರಿಸುವ ಲೆಕ್ಕ ಚೆನ್ನಾಗಿ ಹೋಯಿತು. ಮಾತು ಬಿಟ್ಟ ಇಬ್ಬರು ಹೆಂಗಸರ ಕಥೆ ಹೇಳಿದಾಗ ಮಕ್ಕಳೆಲ್ಲ ನಕ್ಕರು, ಪ್ರಿನ್ಸಿಪಾಲರೂ ನಕ್ಕರು. ಅಡುಗೆಯ ಕಮಿಟಿ, ಹುದ್ದೆಯ ಕಮಿಟಿ, ಅದೂ ಹೋಯಿತು. ಕೊನೆಯ ಲೆಕ್ಕ ಬೋರ್ಡಿನ ಮೇಲೆ ಬರೆದಳು: ನಾಲ್ವರು ಟೀಚರಮ್ಮಂದಿರು, ಐವರು ಮಾಸ್ತರರು, ವಾರ್ಷಿಕೋತ್ಸವಕ್ಕೆ ಮೂವರ ಕಮಿಟಿ, ಒಬ್ಬಳಾದರೂ ಹೆಂಗಸು. ಯಾರು ಹೇಳುತ್ತೀರಿ ಎಂದು ಕೇಳಿದಳು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರ ಪಕ್ಕ ಕೂತಿದ್ದ ಅವಳ ಸರ್ ಕೈ ಎತ್ತಿ ಎದ್ದು ನಿಂತರು. ಮೊದಲು ಒಬ್ಬ ಲೇಡಿಯನ್ನು ನಾಲ್ಕು ವಿಧದಲ್ಲಿ ಆರಿಸುತ್ತೇನೆ, ಉಳಿದ ಎಂಟರಲ್ಲಿ ಇಬ್ಬರನ್ನು ಇಪ್ಪತ್ತೆಂಟು ವಿಧದಲ್ಲಿ, ಒಟ್ಟು ನೂರಾ ಹನ್ನೆರಡು, ಸರಿಯಾ ಮ್ಯಾಮ್ ಎಂದರು.

ನಾನು ಎದ್ದು ನಿಂತೆ. "ನನ್ನದೇ ತಪ್ಪು! ನೀನು ಎಂತ ಹೇಳಿದೆ?"

"ಯೆಸ್ ಸರ್, ಕರೆಕ್ಟ್ ಅಂದೆ."

ಅಕ್ಕಿಯ ನೀರು ಮೂರು ಸಾರಿ ಬಸಿದಾಗಿತ್ತು, ಅವಳು ಇನ್ನೂ ಬಸಿಯುತ್ತಿದ್ದಳು.

"ಗೊತ್ತಿತ್ತಲ್ಲ ನಿನಗೆ?"

"ಗೊತ್ತಿತ್ತು. ನನಗೆ ಇದನ್ನು ಕಲಿಸಿದ್ದೇ ಅವರು ಅತ್ತೆ. ಇಲ್ಲಿಗೆ ಕರೆಸಿದ್ದೂ ಅವರೇ. ಪ್ರಿನ್ಸಿಪಾಲರ ಎದುರು, ಮಕ್ಕಳ ಎದುರು, ಸರ್ ನೀವು ತಪ್ಪು ಅಂತ ಹೇಗೆ ಹೇಳುವುದು? ವಯಸ್ಸಾಗಿದೆ, ಮರೆತಿರಬಹುದು, ಅವರ ಮರ್ಯಾದೆ ಹೋಗ್ತದೆ ಅಂತ ಕಂಡಿತು. ಆಮೇಲೆ ಸರಿ ಮಾಡಿದ್ರಾಯ್ತು ಅಂತ ಬೋರ್ಡ್ ಒರೆಸಿಬಿಟ್ಟೆ."

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ಮ್ಯಾಮ್, ಐ ಗಾಟ್ ಸೆವೆಂಟಿಫೋರ್ ಎಂದಳಂತೆ. ಸೊಸೆ ಅವಳಿಗೆ ಕೂತುಕೋ, ಆಮೇಲೆ ನೋಡೋಣ ಎಂದಳಂತೆ. ಗಂಟೆ ಹೊಡೆಯಿತು.

"ಅವಳು ತನ್ನ ಪುಸ್ತಕದಲ್ಲಿ ಎಪ್ಪತ್ತನಾಲ್ಕನ್ನು ಹೊಡೆದು ಹಾಕಿದ್ಲು ಅತ್ತೆ. ನಾನು ನೋಡ್ತಾ ಇದ್ದೆ. ಗೆರೆ ಎಳೆದು ನೂರಾ ಹನ್ನೆರಡು ಬರೆದ್ಲು."

ಅದನ್ನು ಹೇಳಿ ಮತ್ತೆ ಪಾತ್ರೆಗೆ ನೀರು ತುಂಬಿದಳು. ನಾನು ಸಮಾಧಾನ ಮಾಡುವವಳಲ್ಲ, ಮಾಡಲು ಬರುವುದೂ ಇಲ್ಲ. ಅಕ್ಕಿಯ ಪಾತ್ರೆ ಅವಳ ಕೈಯಿಂದ ತೆಗೆದು ಒಲೆಯ ಮೇಲಿಟ್ಟೆ.

ಸಂಜೆ ಸರ್ ಫೋನ್ ಮಾಡಿದರು. ಸೊಸೆ ಚಪಾತಿ ಲಟ್ಟಿಸುತ್ತಿದ್ದಳು, ಕೈಯೆಲ್ಲ ಹಿಟ್ಟು, ಅದಕ್ಕೆ ಸ್ಪೀಕರಿಗೆ ಹಾಕಿದಳು. ಹಾಗಾಗಿ ನಾನೂ ಕೇಳಿದೆ.

"ಎಂತ ಮಾಡಿಬಿಟ್ಟೆ ಮಾರಾಯ್ತಿ," ಎಂದರು ಅವರು. "ನಾನು ಬೇಕಂತ ತಪ್ಪು ಹೇಳಿದ್ದು. ಎಲ್ಲ ಡೆಮೋದಲ್ಲೂ ಒಂದು ತಪ್ಪು ಉತ್ತರ ಹೇಳ್ತೇನೆ. ಮಕ್ಕಳು ತಪ್ಪು ಮಾಡ್ತಾರಲ್ಲ, ಅದನ್ನು ಟೀಚರ್ ಹೇಗೆ ತಿದ್ದುತ್ತಾರೆ ಅಂತ ನೋಡ್ಲಿಕ್ಕೆ. ನೀನು ಹೇಗೂ ತಿದ್ದುತ್ತೀ ಅಂತ ಧೈರ್ಯದಲ್ಲಿ ಪ್ರಿನ್ಸಿಪಾಲ್ ಹತ್ರ ಮೊದಲೇ ಹೇಳಿದ್ದೆ, ಈಗ ನೋಡಿ ಅಂತ."

ಸೊಸೆ ಲಟ್ಟಣಿಗೆ ಕೆಳಗಿಟ್ಟಳು. "ನಿಮಗೆ ಹೇಗೆ ಸರ್ ನಾನು ತಪ್ಪು ಅಂತ…"

"ಆಗ ನಾನು ಸರ್ ಅಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ. ಹುಡುಗನಿಗೆ ಹೇಳ್ಲಿಕ್ಕೆ ಆಗುದಿಲ್ವಾ?"

ಅವರು ಮುಂದುವರಿಸಿದರು. ಪಾಠ ಪ್ರಿನ್ಸಿಪಾಲರಿಗೆ ಬಹಳ ಹಿಡಿಸಿತ್ತಂತೆ. ಆದರೆ ಸರಿ ಹೇಳಿದ ಮಗುವನ್ನು ಕೂರಿಸಿ ತಪ್ಪು ಹೇಳಿದ ದೊಡ್ಡವರಿಗೆ ಹೌದು ಎಂದವರಿಗೆ ಹನ್ನೊಂದನೇ ತರಗತಿ ಕೊಡುವುದು ಹೇಗೆ ಎಂದು ಕೇಳಿದರಂತೆ. ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟರು. ಖಲಾಸ್.

ಆ ಪ್ರಿನ್ಸಿಪಾಲರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು. ಅದರ ಬದಲು ಫೋನಿನ ಹತ್ತಿರ ಬಾಗಿ ಹೇಳಿದೆ:

"ನಮಸ್ಕಾರ ಸರ್. ನಾನು ಇವಳ ಅತ್ತೆ. ಕರೆಸಿದ್ದೂ ನೀವೇ, ಬೀಳಿಸಿದ್ದೂ ನೀವೇ. ಆ ಕೈ ಎತ್ತುವ ಕೆಲಸ ಪಕ್ಕದಲ್ಲಿ ಕೂತವರಿಗೆ ಕೊಡ್ಲಿಕ್ಕಾಗ್ತಿರ್ಲಿಲ್ವಾ?"

"ಅತ್ತೇ!" ಎಂದಳು ಸೊಸೆ.

ಆ ಮುದುಕರು, ನನ್ನಷ್ಟೇ ವಯಸ್ಸಿರಬಹುದು ಅವರಿಗೆ, ಹೇಳಿದರು: "ಅದೇ ಅಮ್ಮ. ಮಧ್ಯಾಹ್ನದಿಂದ ನಾನೂ ಅದನ್ನೇ ಯೋಚಿಸ್ತಾ ಇದ್ದೇನೆ. ಬೇರೆ ಯಾರು ಕೇಳಿದ್ರೂ ಇವಳು ಹೇಳ್ತಿದ್ಲು. ನಾನು ಕೇಳಬಾರ್ದಿತ್ತು. ಕ್ಲಾಸಲ್ಲಿ ಎದುರು ಮಾತಾಡಬಾರ್ದು ಅಂತ ಇವಳಿಗೆ ಕಲಿಸಿದವನೂ ನಾನೇ ಅಲ್ವಾ."

"ಆ ಹುಡುಗಿಗೆ ಹೇಳಿದ್ರಾ ಸರ್?" ಎಂದು ಸೊಸೆ ಕೇಳಿದಳು. "ಎಪ್ಪತ್ತನಾಲ್ಕು ಸರಿ ಅಂತ?"

"ಹೇಳ್ತೇನೆ. ನಾಳೆ ಹೇಳ್ತೇನೆ."

"ಬಾಯಿ ತಪ್ಪಿ ಹೇಳಿದ್ದಲ್ಲ, ಮ್ಯಾಮ್‌ಗೆ ಗೊತ್ತಿತ್ತು ಅಂತಲೂ ಹೇಳಿ," ಎಂದಳು. ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡು, "ಬೇಡ, ಅದು ಹೇಳಬೇಡಿ," ಎಂದಳು. ಗೊತ್ತಿದ್ದೂ ಹೇಳಲಿಲ್ಲ ಎಂದರೆ ಆ ಮಗು ಏನು ತಿಳಿದುಕೊಂಡೀತು?

ಫೋನ್ ಇಟ್ಟ ಮೇಲೆ ಮೊಮ್ಮಗಳು ಬಂದು ತಾಯಿಯ ಪಕ್ಕ ನಿಂತಳು. "ಮಮ್ಮಿ, ಯೂ ಕುಡ್ ಹ್ಯಾವ್ ಜಸ್ಟ್ ಸೆಡ್ ನೋ."

"ನೋ ಅಂತ ನಿನಗೆ ಬರ್ತದೆ. ನಮಗೆ ಬರುವುದಿಲ್ಲ," ಎಂದಳು ಸೊಸೆ.

ಬರುವುದಿಲ್ಲ ಎಂಬುದು ಸುಳ್ಳು. ನನಗೆ ಹೇಳಿದ್ದಳಲ್ಲ, ಎರಡು ಸಾರಿ, ಈ ಮೇಜಿನ ಎದುರಿಗೇ! ತಪ್ಪು ಅತ್ತೆ, ಎಂದು. ಸಾರಿಗೆ ಉಪ್ಪು ಸಾಲದು ಎಂದ ಹಾಗೆ. ನನಗೆ ಹೇಳಿದರೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ ಹೇಳಿದಳು. ಏನಾದರೂ ಆಗುವ ಕಡೆ ಹೇಳಲಿಲ್ಲ. ಊರಲ್ಲಿ ಮಾವನ ಎದುರು ನಾನೂ ಎಷ್ಟೋ ನೂರಾ ಹನ್ನೆರಡುಗಳಿಗೆ ತಲೆಯಾಡಿಸಿದವಳೇ. ಆದರೆ ನನ್ನಿಂದ ಯಾವ ಮಗುವೂ ಸರಿಯಾದ ಉತ್ತರವನ್ನು ಹೊಡೆದು ಹಾಕಲಿಲ್ಲ. ಅದೊಂದೇ ವ್ಯತ್ಯಾಸ. ಇವಳಿಗೆ ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ಕೊರೆಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದಳು. ಮಗ ಏನೋ ಹೇಳಲು ಹೋದ, ನಾನು ಕಣ್ಣಲ್ಲೇ ತಡೆದೆ.

ಊಟವಾದ ಮೇಲೆ ತನ್ನ ಲೆಕ್ಕದ ಪುಸ್ತಕಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಸೂಟ್‌ಕೇಸುಗಳ ಹಿಂದಕ್ಕೆ, ನಾವು ಊರಿಗೆ ಹೋಗುವಾಗ ಮಾತ್ರ ಬಗ್ಗಿ ನೋಡುವ ಜಾಗಕ್ಕೆ.

ಮರುದಿನ ಬೆಳಿಗ್ಗೆ ಮಗನ ಬಸ್ಸು ಹೋಯಿತು, ಮೊಮ್ಮಗಳ ಬಸ್ಸು ಹೋಯಿತು. ಸೊಸೆ ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತಿದ್ದಳು. ಬೆರಳು ಕಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು, ಏನೂ ಬರೆಯುತ್ತಿರಲಿಲ್ಲ. ನಾನು ಸ್ಟ್ಯಾಂಡಿನಿಂದ ನಾಲ್ಕು ಸ್ಟೀಲಿನ ಲೋಟ, ಐದು ಗಾಜಿನ ಲೋಟ ತೆಗೆದು ಅವಳ ಪಕ್ಕ ಸಾಲಾಗಿ ಇಟ್ಟೆ. ಜಜ್ಜಿದ್ದನ್ನು ತಟ್ಟೆಗೆ ಹಾಕಿದೆ.

"ಮೊದಲು ಒಬ್ಬ ಹೆಂಗಸು, ನಾಲ್ಕು ವಿಧ," ಎಂದೆ. "ಉಳಿದ ಎಂಟರಲ್ಲಿ ಎರಡು, ಇಪ್ಪತ್ತೆಂಟು. ನೂರಾ ಹನ್ನೆರಡು. ಸರಿಯಾ?"

ಅವಳು ನನ್ನ ಕಡೆ ತಿರುಗಲಿಲ್ಲ. "ಸರಿ ಅತ್ತೆ. ಬಿಡಿ ಈಗ. ಕಾಫಿ ಕುಡೀರಿ."

ನಾನು ತಟ್ಟೆಯಲ್ಲಿದ್ದ ಲೋಟವನ್ನು ತೆಗೆದು ಸಾಲಿಗೆ ವಾಪಸು ಇಟ್ಟೆ. ಒಲೆ ಆರಿಸಿದೆ. ಮತ್ತೆ ಮೊದಲಿನಿಂದ ಕೇಳಿದೆ.